ಸಭಾಂಗಣದವರೂ ಆನ್‌ಲೈನ್‌ನವರೂ ಒಂದೇ ದಾಖಲೆಯಲ್ಲಿ: ನಾನು ಬಳಸಿ ನೋಡಿದ ಮೂರು ವಿಧಾನಗಳು

ಒಂದೇ ಸ್ವರೂಪದ ಹೈಬ್ರಿಡ್ ಕಾರ್ಯಾಗಾರ ಮೂರು ಬಾರಿ ನಡೆದಾಗ ಹಾಜರಿ ದಾಖಲೆಯ ಹೊಣೆ ನನ್ನ ಮೇಲಿತ್ತು. ಪ್ರತಿ ಬಾರಿಯೂ ತಲಾ 90 ನಿಮಿಷಗಳ ನಾಲ್ಕು ಗೋಷ್ಠಿಗಳಿದ್ದವು. ಸರಿಸುಮಾರು ಅರ್ಧದಷ್ಟು ಜನ ಸಭಾಂಗಣಕ್ಕೆ ಬರುತ್ತಿದ್ದರು, ಉಳಿದವರು ಝೂಮ್ ಮೂಲಕ ಸೇರುತ್ತಿದ್ದರು. ಕನಿಷ್ಠ ಮೂರು ಗೋಷ್ಠಿಗಳಿಗೆ ಹಾಜರಾದವರಿಗೆ ಮಾತ್ರ ಪ್ರಮಾಣಪತ್ರ ಎಂಬ ನಿಯಮವಿದ್ದುದರಿಂದ ಹಾಜರಿಯನ್ನು ಅಂದಾಜಿನ ಮೇಲೆ ಬಿಡುವಂತಿರಲಿಲ್ಲ. ಮೂರು ಬಾರಿ ಮೂರು ವಿಧಾನಗಳನ್ನು ಅನುಸರಿಸಿದೆ.

ಮೊದಲನೆಯದು ಎರಡು ಪಟ್ಟಿಗಳ ವಿಧಾನ. ಬಾಗಿಲಲ್ಲಿ ಸಹಿ ಪುಸ್ತಕವಿಟ್ಟು, ಆನ್‌ಲೈನ್‌ನವರಿಗೆ ಝೂಮ್ ವರದಿಯನ್ನು ಇಳಿಸಿಕೊಂಡು, ಕಾರ್ಯಕ್ರಮ ಮುಗಿದ ಮೇಲೆ ಇಮೇಲ್ ವಿಳಾಸದ ಆಧಾರದಲ್ಲಿ ಎರಡನ್ನೂ ಜೋಡಿಸುವುದು. ಸಿದ್ಧತೆ ಏನೂ ಬೇಡವೆಂಬುದೇ ಇದರ ಏಕೈಕ ಅನುಕೂಲ. ಸಭಾಂಗಣದಲ್ಲಿ 64, ಆನ್‌ಲೈನ್‌ನಲ್ಲಿ 71, ಒಟ್ಟು 135 ಜನ ಎಂದು ಲೆಕ್ಕ ಬಂತು. ಒಂದೊಂದೇ ಹೆಸರನ್ನು ಕೈಯಿಂದ ಹೋಲಿಸಿದಾಗ ಉಳಿದವರು 118 ಜನ ಮಾತ್ರ. ಹದಿನೇಳು ಮಂದಿ ಎರಡೂ ಪಟ್ಟಿಗಳಲ್ಲಿದ್ದರೂ ಜೋಡಣೆಗೆ ಸಿಕ್ಕಿರಲಿಲ್ಲ, ಏಕೆಂದರೆ ಅವರು ಸಹಿ ಪುಸ್ತಕದಲ್ಲಿ ಕಚೇರಿಯ ಇಮೇಲ್ ಬರೆದು, ಝೂಮ್‌ಗೆ ಸ್ವಂತ ಇಮೇಲ್‌ನಿಂದ ಸೇರಿದ್ದರು, ಇಲ್ಲವೇ ಖಾತೆಗೆ ಲಾಗಿನ್ ಆಗದೆ ಸೇರಿದ್ದರಿಂದ ವರದಿಯಲ್ಲಿ ಅವರ ಇಮೇಲ್ ಕಾಲಂ ಖಾಲಿಯಾಗಿತ್ತು. ಈ ವಿಧಾನದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ.

ಎರಡನೆಯ ಬಾರಿ ಒಂದೇ ನೋಂದಣಿ ಪಟ್ಟಿ ಮಾಡಿದೆವು. ಒಬ್ಬರಿಗೆ ಒಂದು ಸಾಲು, ಒಂದು ನೋಂದಣಿ ಸಂಖ್ಯೆ, ‘ನೇರ’ ಅಥವಾ ‘ಆನ್‌ಲೈನ್’ ಎಂಬ ಒಂದು ಕಾಲಂ, ಗೋಷ್ಠಿಗೊಂದರಂತೆ ನಾಲ್ಕು ಹಾಜರಿ ಕಾಲಂ. ನೋಡಲು ಅಚ್ಚುಕಟ್ಟಾಗಿತ್ತು, ಎರಡೆರಡು ಎಣಿಕೆಯೂ ತಪ್ಪಿತು. ಆದರೆ ‘ನೇರ’ ಎಂದು ಗುರುತಿಸಿದವರ ಹಾಜರಿಯನ್ನು ಬಾಗಿಲ ಸ್ವಯಂಸೇವಕರು ತುಂಬುತ್ತಿದ್ದರು, ‘ಆನ್‌ಲೈನ್’ ಎಂದಿದ್ದವರದನ್ನು ನಾನು ವರದಿ ನೋಡಿ ತುಂಬುತ್ತಿದ್ದೆ. ಬೆಳಿಗ್ಗೆ ಸಭಾಂಗಣದಲ್ಲಿ ಕುಳಿತು ಮಧ್ಯಾಹ್ನ ಮನೆಯಿಂದ ಸೇರಿದವರನ್ನು ಮಧ್ಯಾಹ್ನದ ನಂತರ ಇಬ್ಬರೂ ನೋಡಲಿಲ್ಲ. ಅರ್ಹರಾಗಿದ್ದ ಕೆಲವರಿಗೆ ಪ್ರಮಾಣಪತ್ರ ಹೋಗದೆ, ಅವರೇ ಕೇಳಿದ ಮೇಲೆ ತಪ್ಪು ತಿಳಿಯಿತು. ನೇರವೋ ಆನ್‌ಲೈನೋ ಎಂಬುದನ್ನು ನಾವು ವ್ಯಕ್ತಿಗೆ ಅಂಟಿಸಿದ್ದೆವು. ಅದು ಅಂಟಿಕೊಳ್ಳಬೇಕಾದದ್ದು ಆ ವ್ಯಕ್ತಿಯ ಒಂದೊಂದು ಗೋಷ್ಠಿಯ ಹಾಜರಿಗೆ.

ಮೂರನೆಯ ವಿಧಾನ ಹುಟ್ಟಿದ್ದು ಇದರಿಂದ. ಒಂದೇ ಸ್ಪ್ರೆಡ್‌ಶೀಟ್ ಕಡತದಲ್ಲಿ ಎರಡು ಹಾಳೆಗಳು. ಮೊದಲನೆಯದರಲ್ಲಿ ಒಬ್ಬರಿಗೆ ಒಂದೇ ಸಾಲು, ಅಲ್ಲಿ ನೇರ–ಆನ್‌ಲೈನ್ ಎಂಬ ಮಾತೇ ಇಲ್ಲ. ಎರಡನೆಯದಕ್ಕೆ Log ಎಂದು ಹೆಸರಿಟ್ಟೆ. ಯಾರಾದರೂ ಎಲ್ಲಿಂದಲಾದರೂ ಒಳಬಂದಾಗಲೆಲ್ಲ ಅಲ್ಲಿ ಒಂದು ಹೊಸ ಸಾಲು. ನೋಂದಣಿ ಸಂಖ್ಯೆ, ಗೋಷ್ಠಿ, ಮಾರ್ಗ (ಸಭಾಂಗಣಕ್ಕೆ H, ಆನ್‌ಲೈನ್‌ಗೆ O), ನಿಮಿಷ, ಸೇರಿದ ಸಮಯ, ಬಿಟ್ಟ ಸಮಯ, ಇಷ್ಟೇ ಅದರ ಕಾಲಂಗಳು. ಸಭಾಂಗಣದ ಬ್ಯಾಡ್ಜ್‌ನ ಕ್ಯೂಆರ್ ಕೋಡ್‌ನಲ್ಲಿ ನೋಂದಣಿ ಸಂಖ್ಯೆಯನ್ನು ಬಿಟ್ಟು ಬೇರೇನೂ ಇರಲಿಲ್ಲ. ಪ್ರತಿ ಗೋಷ್ಠಿಯ ಆರಂಭದಲ್ಲೂ ಸ್ಕ್ಯಾನ್ ಮಾಡಿಸುತ್ತಿದ್ದೆವು. ಝೂಮ್‌ನಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸಿ, ಮೊದಲ ಹಾಳೆಯಲ್ಲಿರುವ ಇಮೇಲನ್ನೇ ಬಳಸುವಂತೆ ಕೇಳಿಕೊಂಡಿದ್ದರಿಂದ ವರದಿಯ ಸಾಲುಗಳಿಗೆ ನೋಂದಣಿ ಸಂಖ್ಯೆ ಹಾಕುವುದು ಸುಲಭವಾಯಿತು.

ಒಬ್ಬರ ಉದಾಹರಣೆಯಲ್ಲಿ ವ್ಯತ್ಯಾಸ ಸ್ಪಷ್ಟವಾಗುತ್ತದೆ. R-047 ಸಂಖ್ಯೆಯವರು ಮೊದಲೆರಡು ಗೋಷ್ಠಿಗಳಿಗೆ ಬಾಗಿಲಲ್ಲಿ ಸ್ಕ್ಯಾನ್ ಮಾಡಿಸಿದರು. ಎರಡನೆಯದರಲ್ಲಿ ಸ್ಲೈಡ್‌ಗಳು ಸರಿಯಾಗಿ ಕಾಣಲೆಂದು ಸಭಾಂಗಣದಲ್ಲಿ ಕುಳಿತೇ ಲ್ಯಾಪ್‌ಟಾಪ್‌ನಿಂದ ಝೂಮ್‌ಗೂ ಸೇರಿದರು. ಊಟದ ನಂತರ ಹೊರಟು, ಮೂರನೆಯ ಗೋಷ್ಠಿಗೆ ದಾರಿಯಲ್ಲಿ ಫೋನ್‌ನಿಂದ ಸೇರಿದರು. ಸಂಪರ್ಕ ಎರಡು ಬಾರಿ ಕಡಿದು 22, 18, 25 ನಿಮಿಷಗಳ ಮೂರು ಸಾಲುಗಳಾದವು. ಮೊದಲ ವಿಧಾನದಲ್ಲಿ ಇವರು ಇಬ್ಬರಾಗುತ್ತಿದ್ದರು, ಎರಡನೆಯದರಲ್ಲಿ ಮಧ್ಯಾಹ್ನ ಗೈರುಹಾಜರಾಗುತ್ತಿದ್ದರು. ಮೂರನೆಯದರಲ್ಲಿ ಪ್ರತಿ ಗೋಷ್ಠಿಗೂ ಇಂಥ ಒಂದು ಸೂತ್ರ ಉತ್ತರ ಹೇಳುತ್ತದೆ:

```
=IF(COUNTIFS(Log!A:A,A2,Log!B:B,"S3",Log!C:C,"H")>0,"H",
 IF(SUMIFS(Log!D:D,Log!A:A,A2,Log!B:B,"S3",Log!C:C,"O")>=60,"O",""))
```

ಸಭಾಂಗಣದ ಸ್ಕ್ಯಾನ್ ಇದ್ದರೆ ಅದಕ್ಕೇ ಮಾನ್ಯತೆ, ಆಗ ಆನ್‌ಲೈನ್ ಸಾಲುಗಳು ಎಣಿಕೆಗೆ ಬರುವುದಿಲ್ಲ. ಸ್ಕ್ಯಾನ್ ಇಲ್ಲದಿದ್ದರೆ ಆನ್‌ಲೈನ್ ನಿಮಿಷಗಳ ಮೊತ್ತ 60 ಮುಟ್ಟಿರಬೇಕು. ಇವರ ಮೊತ್ತ 65, ಆದ್ದರಿಂದ ಹಾಜರು.

ನಾಲ್ಕನೆಯ ಗೋಷ್ಠಿಯಲ್ಲಿ ಈ ವಿಧಾನಕ್ಕೂ ಒಂದು ತೊಡಕು ಎದುರಾಯಿತು. ಅವರು ಮನೆ ತಲುಪಿ ಲ್ಯಾಪ್‌ಟಾಪ್‌ನಲ್ಲಿ 15:32ರಿಂದ 16:14ರವರೆಗೆ ಇದ್ದರು, ಫೋನ್ ಮಾತ್ರ 15:40ರಿಂದ 16:15ರವರೆಗೆ ಅದೇ ಸಭೆಯಲ್ಲಿತ್ತು. ಸಾಲುಗಳನ್ನು ಕೂಡಿದರೆ 77 ನಿಮಿಷ, ಗಡಿಯಾರದ ಪ್ರಕಾರ 43. ಮೊತ್ತವು ಗೋಷ್ಠಿಯ 90 ನಿಮಿಷವನ್ನು ಮೀರಿದ್ದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತಿತ್ತು. 77 ಎಂಬುದು ಯಾರಿಗೂ ಸಂಶಯ ಬರಿಸುವ ಸಂಖ್ಯೆಯಲ್ಲ. ಆದ್ದರಿಂದ ಆನ್‌ಲೈನ್ ಸಾಲುಗಳನ್ನು ಸಂಖ್ಯೆ ಮತ್ತು ಸೇರಿದ ಸಮಯದ ಪ್ರಕಾರ ವಿಂಗಡಿಸಿ, ಅದೇ ವ್ಯಕ್ತಿಯ ಹಿಂದಿನ ಸಾಲು ಮುಗಿಯುವ ಮೊದಲೇ ಮುಂದಿನದು ಆರಂಭವಾಗಿದ್ದರೆ ಗುರುತು ಹಾಕುವ ಕಾಲಂ ಸೇರಿಸಿದೆ:

```
=IF(AND(A3=A2,E3<F2),"!","")
```

ಗುರುತು ಬಿದ್ದವು ಬೆರಳೆಣಿಕೆಯಷ್ಟೇ. ಅವುಗಳ ನಿಮಿಷವನ್ನು ಕೈಯಿಂದ ತಿದ್ದಿದೆ. R-047ರವರು ನಾಲ್ಕನೆಯ ಗೋಷ್ಠಿಗೆ ಗೈರುಹಾಜರೆಂದಾಯಿತು, ಆದರೂ ಮೂರು ಗೋಷ್ಠಿಗಳು ಕೈಯಲ್ಲಿದ್ದುದರಿಂದ ಪ್ರಮಾಣಪತ್ರ ಸಿಕ್ಕಿತು.

ಇದನ್ನು ಅನುಸರಿಸುವವರು ಒಂದು ವಿಷಯವನ್ನು ಮೊದಲೇ ತೀರ್ಮಾನಿಸಬೇಕು. ಇಡೀ ದಿನಕ್ಕೆ ಒಂದೇ ಝೂಮ್ ಸಭೆ ತೆರೆದಿಟ್ಟರೆ, ಬೆಳಿಗ್ಗೆ ಸೇರಿ ಸಂಜೆ ಹೊರಟವರಿಗೆ ಊಟದ ವಿರಾಮವೂ ಸೇರಿದ ಒಂದೇ ಉದ್ದನೆಯ ಸಾಲು ಬರುತ್ತದೆ, ಅದನ್ನು ಗೋಷ್ಠಿವಾರು ಕತ್ತರಿಸುವುದು ತಲೆನೋವಿನ ಕೆಲಸ. ಗೋಷ್ಠಿಗೊಂದು ಪ್ರತ್ಯೇಕ ಸಭೆ ಮಾಡಿದರೆ ಭಾಗವಹಿಸುವವರು ನಾಲ್ಕು ಲಿಂಕ್‌ಗಳನ್ನು ನೆನಪಿಡಬೇಕಾಗುತ್ತದೆ. ನಾನು ಎರಡನೆಯದನ್ನೇ ಆರಿಸಿಕೊಂಡೆ. ಲಿಂಕ್ ಸಿಗಲಿಲ್ಲವೆಂಬ ಕರೆಗಳು ಬಂದವು ನಿಜ, ಆದರೆ ಅವು ಆ ದಿನವೇ ಮುಗಿದವು.

ಒಂದೇ ಗೋಷ್ಠಿಯ, ನಲವತ್ತು–ಐವತ್ತು ಜನರ ಕಾರ್ಯಕ್ರಮಕ್ಕೆ ಇಷ್ಟೆಲ್ಲ ಬೇಕಿಲ್ಲ, ಎರಡನೆಯ ವಿಧಾನವೇ ಸಾಕು. ಗೋಷ್ಠಿಗಳು ಎರಡಕ್ಕಿಂತ ಹೆಚ್ಚಿದ್ದು, ಹಾಜರಿಯ ಮೇಲೆ ಪ್ರಮಾಣಪತ್ರವೋ ಅಂಕವೋ ನಿಂತಿದ್ದರೆ ನಾನು ಮೂರನೆಯದನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕುವುದಿಲ್ಲ. ಅದರಲ್ಲೂ ಒಂದು ಅಸಮಾನತೆ ಉಳಿದೇ ಇದೆ: ಆನ್‌ಲೈನ್‌ನವರನ್ನು ನಿಮಿಷಗಳಲ್ಲಿ ಅಳೆಯುತ್ತೇವೆ, ಸಭಾಂಗಣದವರನ್ನು ಬಾಗಿಲಲ್ಲಿನ ಒಂದು ಸ್ಕ್ಯಾನ್‌ನಿಂದ. ಸ್ಕ್ಯಾನ್ ಮಾಡಿಸಿ ಹತ್ತೇ ನಿಮಿಷಕ್ಕೆ ಎದ್ದು ಹೋದವರನ್ನು ಈ ದಾಖಲೆ ಪೂರ್ಣ ಹಾಜರೆಂದೇ ತೋರಿಸುತ್ತದೆ. ಹೊರಹೋಗುವಾಗಲೂ ಸ್ಕ್ಯಾನ್ ಮಾಡಿಸಲು ಒಂದು ಗೋಷ್ಠಿಯಲ್ಲಿ ಪ್ರಯತ್ನಿಸಿದೆವು. ಬಾಗಿಲಲ್ಲಿ ಸಾಲು ಬೆಳೆದು, ಅರ್ಧದಷ್ಟು ಜನ ಸ್ಕ್ಯಾನ್ ಮಾಡಿಸದೆಯೇ ಪಕ್ಕದ ಬಾಗಿಲಿನಿಂದ ಹೊರಟುಹೋದರು.