ವಾರ್ಮ್ ಬಿಳುಪು ಮತ್ತು 2.2 ಗಾಮಾ: ನಮ್ಮ ಹಜಾರದ ಟಿವಿಗೆ ಒಗ್ಗಿದ ಜೋಡಿ

ಹೊಸ ಟಿವಿಯನ್ನು ಅಂಗಡಿಗೆ ಹಿಂದಿರುಗಿಸುವ ಯೋಚನೆಯಲ್ಲಿದ್ದ ನನ್ನನ್ನು ತಡೆದದ್ದು ಕಲರ್ ಟೆಂಪರೇಚರ್‌ನ ‘ವಾರ್ಮ್ 2’ ಆಯ್ಕೆ. ಮನೆಗೆ ಬಂದಾಗ ಅದು ‘ಕೂಲ್’ನಲ್ಲಿತ್ತು. ಪರದೆಯ ಮೇಲಿನ ಪಂಚೆ ಆಗಷ್ಟೇ ನೀಲಿ ಹಾಕಿ ಒಗೆದಂತೆ ಬೆಳ್ಳಗಿರುತ್ತಿತ್ತು, ಆದರೆ ಅದನ್ನು ಉಟ್ಟವರ ಮುಖ ಬೂದಿ ಬಳಿದಂತಿರುತ್ತಿತ್ತು. ತುಸು ನೀಲಿ ಬೆರೆತ ಬಿಳುಪು ಕಣ್ಣಿಗೆ ಹೆಚ್ಚು ಬಿಳಿಯಾಗಿ ತೋರುತ್ತದೆ ಎಂಬ ಅಗಸರ ಗುಟ್ಟನ್ನೇ ಕೂಲ್ ಬಳಸಿಕೊಳ್ಳುತ್ತದೆ.

ಚಿತ್ರಗಳಿಗೆ ಬಣ್ಣ ಹೊಂದಿಸುವ ಸ್ಟುಡಿಯೋಗಳ ಮಾನಿಟರಿನ ಬಿಳುಪು ಸುಮಾರು 6500 ಕೆಲ್ವಿನ್‌ನ, ಡಿ65 ಎಂಬ ಮಾನದಂಡದ್ದು. ಸಾಮಾನ್ಯವಾಗಿ ಅದಕ್ಕೆ ಹತ್ತಿರವಿರುವುದು ವಾರ್ಮ್. ಹಾಗಾಗಿಯೇ ಅದರಲ್ಲಿ ಚರ್ಮದ ಬಣ್ಣ ಸರಿಯಾಗಿ ಬರುತ್ತದೆ. ಮೊದಲ ಎರಡು ದಿನ ಎಲ್ಲವೂ ಹಳದಿ ಎನಿಸಿತು. ವಾರದ ಬಳಿಕ ಮತ್ತೆ ಕೂಲ್‌ಗೆ ಹೋದಾಗ ಅದನ್ನು ನೋಡಲಾಗಲಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು, ಯಾವ ಸಂಕೇತಕ್ಕೆ ಎಷ್ಟು ಬೆಳಕು ಎಂದು ನಿರ್ಧರಿಸುವ ಗಾಮಾ. ರಾತ್ರಿಯ ದೃಶ್ಯವೊಂದರಲ್ಲಿ ಗೋಡೆಗೆ ಒರಗಿ ಕುಳಿತವನ ಕಪ್ಪು ಕಂಬಳಿಯ ಮಡಿಕೆಗಳೇ ಕಾಣುತ್ತಿರಲಿಲ್ಲ. ಬ್ರೈಟ್‌ನೆಸ್ ಏರಿಸಿದೆ; ಮಡಿಕೆಗಳು ಕಂಡವು, ಆದರೆ ಕಪ್ಪು ಆಕಾಶವೂ ಹೊಗೆಯಂತಾಯಿತು, ಏಕೆಂದರೆ ನಮ್ಮ ಟಿವಿಯ ಬ್ರೈಟ್‌ನೆಸ್ ಕಪ್ಪಿನ ಮಟ್ಟವನ್ನೇ ಎತ್ತುತ್ತದೆ. ಗಾಮಾ ಕಪ್ಪು ಮತ್ತು ಬಿಳಿಯ ಎರಡು ತುದಿಗಳನ್ನು ಹಾಗೇ ಬಿಟ್ಟು ನಡುವಿನ ಛಾಯೆಗಳನ್ನು ಮಾತ್ರ ಬದಲಿಸುತ್ತದೆ. ಪೂರ್ಣ ಬಿಳಿಗೆ 200 ನಿಟ್ ಬೆಳಕಿದ್ದರೆ, ಹತ್ತು ಶೇಕಡಾ ಸಂಕೇತಕ್ಕೆ ಗಾಮಾ 2.2ರಲ್ಲಿ ಸುಮಾರು 1.26 ನಿಟ್, 2.4ರಲ್ಲಿ 0.8 ನಿಟ್ ಮಾತ್ರ. ಕಂಬಳಿಯ ಮಡಿಕೆಗಳು ಕಳೆದುಹೋದದ್ದು ಈ ವ್ಯತ್ಯಾಸದಲ್ಲೇ.

ತೊಡಕೆಂದರೆ, ನಮ್ಮ ಟಿವಿಯ ಮೆನುವಿನಲ್ಲಿ 2.2 ಅಥವಾ 2.4 ಎಂಬ ಅಂಕಿಗಳೇ ಇಲ್ಲ. ಇರುವುದು -2ರಿಂದ +2. ಏರಿಸಿದರೆ ಗಾಮಾದ ಅಂಕಿ ಏರಿ ಚಿತ್ರ ಕಪ್ಪಾಗುತ್ತದೆಯೋ, ಬೆಳಗುತ್ತದೆಯೋ ತಿಳಿಯದೆ ಎರಡು ಸಂಜೆ ಹಾಳಾದವು. ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿ, ಒಂದೊಂದು ಪಿಕ್ಸೆಲ್ ದಪ್ಪದ ಕಪ್ಪು ಬಿಳಿ ಅಡ್ಡಗೆರೆಗಳ ಪಕ್ಕದಲ್ಲಿ ಬೇರೆ ಬೇರೆ ಬೂದು ಚೌಕಗಳನ್ನಿಟ್ಟು, ಹಿಂದೆ ಸರಿದು ನೋಡಿದೆ. ದೂರದಿಂದ ಗೆರೆಗಳು ಬೆರೆತು ಬಿಳಿಯ ಅರ್ಧದಷ್ಟು ಬೆಳಕಾಗುತ್ತವೆ. 255ರ ಅಳತೆಯಲ್ಲಿ 186ರ ಚೌಕ ಅದರಲ್ಲಿ ಕರಗಿದರೆ ಗಾಮಾ 2.2, 191ರದ್ದು ಕರಗಿದರೆ 2.4. ಸೊನ್ನೆಯಲ್ಲಿ 191 ಕರಗಿತು, +1ರಲ್ಲಿ 186. ಶಾರ್ಪ್‌ನೆಸ್ ತೆಗೆದು, ಚಿತ್ರವನ್ನು ಹಿಗ್ಗಿಸದೆ ಇಡದಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ.

ದೀಪ ಆರಿಸಿ ನೋಡುವವರಿಗೆ 2.4ರ ಆಳ ಚೆಂದ. ನಮ್ಮ ಹಜಾರದಲ್ಲಿ ಅಮ್ಮ ಟ್ಯೂಬ್‌ಲೈಟ್ ಆರಿಸಲು ಬಿಡುವುದಿಲ್ಲ, ದಪ್ಪ ಪರದೆ ಹೊಲಿಸುವ ದುಡ್ಡೂ ಇಲ್ಲ. ಆದ್ದರಿಂದ +1ರಲ್ಲೇ ಇದೆ. ನಮ್ಮ ಟಿವಿ ಒಂದೊಂದು ಇನ್‌ಪುಟ್‌ಗೂ ಸೆಟ್ಟಿಂಗ್ ಬೇರೆ ಇಡುವುದರಿಂದ, ಎಚ್‌ಡಿಎಂಐ 2ಕ್ಕೆ ಇವೆಲ್ಲವನ್ನೂ ಮತ್ತೊಮ್ಮೆ ಹೊಂದಿಸಬೇಕಾಯಿತು.