ಕ್ಯಾಲೊರಿ ಆ್ಯಪ್ ಮತ್ತು ಮದುವೆಯ ಬಫೆ ತಟ್ಟೆ: ಬಹಳ ದಿನದ ಬಳಕೆಯ ನಂತರ ನನ್ನ ವಿಮರ್ಶೆ

ತಿಂದದ್ದನ್ನು ಬರೆದಿಡುವ ಆ್ಯಪ್ ಒಂದನ್ನು ಎರಡು ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಿದ್ದೇನೆ. ಮನೆ ಊಟಕ್ಕೆ, ಪ್ಯಾಕೆಟ್ ತಿಂಡಿಗೆ ಅದರ ಬಗ್ಗೆ ತಕರಾರಿಲ್ಲ. ತೂಕದ ಯಂತ್ರ ಇದೆ, ಬಾರ್‌ಕೋಡ್ ಇದೆ, ಕೆಲಸ ಮುಗೀತು. ಆ್ಯಪ್‌ನ ನಿಜವಾದ ಪರೀಕ್ಷೆ ಮದುವೆಯ ಬಫೆಯಲ್ಲಿ. ಹನ್ನೊಂದು ಬಗೆ, ಎಲ್ಲವೂ ಚೂರು ಚೂರು. ಯಾವುದರ ತೂಕವೂ ಗೊತ್ತಿಲ್ಲ, ಯಾವುದಕ್ಕೆ ಏನು ಹಾಕಿದ್ದಾರೆ ಅಂತಲೂ ಗೊತ್ತಿಲ್ಲ. ಈ ವಿಮರ್ಶೆ ಅಷ್ಟರ ಬಗ್ಗೆ ಮಾತ್ರ.

ಆ್ಯಪ್ ನಿಮ್ಮನ್ನು ಮೊದಲು ಕರೆದೊಯ್ಯುವುದು ಹುಡುಕಾಟದ ಪಟ್ಟಿಗೆ. ಪದಾರ್ಥದ ಹೆಸರು ಬರೆದರೆ ಇಪ್ಪತ್ತು ಫಲಿತಾಂಶ ಬರುತ್ತವೆ. ಹೆಚ್ಚಿನವು ಬೇರೆ ಬಳಕೆದಾರರು ಸೇರಿಸಿದವು. ಒಂದರಲ್ಲಿ 90 ಕ್ಯಾಲೊರಿ, ಅದೇ ಹೆಸರಿನ ಇನ್ನೊಂದರಲ್ಲಿ 310. ಎರಡಕ್ಕೂ ಅಳತೆ "1 serving". ಅದು ಯಾರ ಮನೆಯ ಸರ್ವಿಂಗ್? ಹನ್ನೊಂದು ಪದಾರ್ಥಕ್ಕೆ ಹನ್ನೊಂದು ಸಲ ಹೀಗೆ ಆರಿಸಿದರೆ ಕೊನೆಗೆ ಬರುವ ಮೊತ್ತ ನಿಮ್ಮ ತಟ್ಟೆಯದ್ದಲ್ಲ, ನೀವು ಯಾವ ಸಾಲು ಒತ್ತಿದಿರೋ ಅದರದ್ದು.

ಪಟ್ಟಿಯ ಒಂದು ಸಾಲು ನಂಬಬಹುದಾ ಅಂತ ತಿಳಿಯಲು ಸುಲಭ ದಾರಿ ಇದೆ. ಪ್ರೋಟೀನ್ ಮತ್ತು ಕಾರ್ಬ್ ಗ್ರಾಂಗಳನ್ನು 4ರಿಂದ, ಕೊಬ್ಬಿನ ಗ್ರಾಂಗಳನ್ನು 9ರಿಂದ ಗುಣಿಸಿ ಕೂಡಿಸಿ. ಒಂದು ಸಾಲಿನಲ್ಲಿ ಪ್ರೋಟೀನ್ 4, ಕಾರ್ಬ್ 10, ಕೊಬ್ಬು 12 ಗ್ರಾಂ ಎಂದಿದ್ದರೆ 164 ಬರಬೇಕು. ಅಲ್ಲಿ 120 ಎಂದು ಬರೆದಿದ್ದರೆ ಅದನ್ನು ಬಿಟ್ಟುಬಿಡಿ. ನಾರಿನಂಶದಿಂದ ನಾಲ್ಕೈದು ಕ್ಯಾಲೊರಿ ಆಚೀಚೆ ಆಗಬಹುದು, ಇಷ್ಟು ಅಂತರ ಆಗುವುದಿಲ್ಲ.

ಹಾಗಾಗಿ ನಾನು ಬಫೆ ತಟ್ಟೆಗೆ ಪದಾರ್ಥದ ಹೆಸರು ಹುಡುಕುವುದನ್ನೇ ಬಿಟ್ಟೆ. ತಟ್ಟೆಯನ್ನು ಗುಂಪು ಮಾಡುತ್ತೇನೆ: ಅನ್ನ ಮತ್ತು ಬ್ರೆಡ್ ಒಂದು, ಗ್ರೇವಿಗಳೆಲ್ಲ ಸೇರಿ ಒಂದು, ಕರಿದದ್ದು ಒಂದು, ಸಿಹಿ ಒಂದು. ಐದನೆಯದು ಎಣ್ಣೆ. ಅದು ತಟ್ಟೆಯಲ್ಲಿ ಬೇರೆಯಾಗಿ ಕಾಣುವುದಿಲ್ಲ, ಆದರೆ ಆ್ಯಪ್‌ನಲ್ಲಿ ಬೇರೆ ಸಾಲಾಗಿಯೇ ಬರೆಯುತ್ತೇನೆ. ಡ್ರೆಸಿಂಗ್ ಇಲ್ಲದ ಸಲಾಡ್ ಅನ್ನು ಬರೆಯುವುದೇ ಇಲ್ಲ. ಸೌತೆಕಾಯಿ ಚೂರಿಗೆ ಸಮಯ ಕೊಟ್ಟು ಏನು ಪ್ರಯೋಜನ?

ಇತ್ತೀಚಿನ ಒಂದು ತಟ್ಟೆ ಹೀಗಿತ್ತು. ಎರಡು ಬಗೆಯ ಅನ್ನ ಸೇರಿ ಸುಮಾರು ಒಂದೂಕಾಲು ಕಪ್, ಒಂದು ತುಂಡು ಬ್ರೆಡ್. ಒಂದು ಕಪ್ ಬೆಂದ ಅನ್ನಕ್ಕೆ 200 ಕ್ಯಾಲೊರಿ ಹಿಡಿದರೆ ಈ ಗುಂಪು 350. ಮೂರು ಗ್ರೇವಿಗಳು ಒಟ್ಟಿಗೆ ಒಂದು ಕಪ್ ಇರಬಹುದು. ಎಣ್ಣೆ ಬಿಟ್ಟು ಲೆಕ್ಕ ಹಾಕಿದರೆ 150. ಕರಿದ ಎರಡು ಸಣ್ಣ ತುಂಡಿಗೆ, ಹೀರಿದ ಎಣ್ಣೆಯೂ ಸೇರಿ, 180. ಸಣ್ಣ ಸಿಹಿ ಎರಡಕ್ಕೆ 300. ಗ್ರೇವಿ, ಮಸಾಲೆ ಅನ್ನ, ಬ್ರೆಡ್ ಇವುಗಳಲ್ಲಿದ್ದ ಎಣ್ಣೆ ಮೂರು ಟೇಬಲ್ ಸ್ಪೂನ್ ಅಂತ ಊಹಿಸಿದೆ. ಒಂದಕ್ಕೆ 120ರಂತೆ 360. ಎಲ್ಲ ಸೇರಿ 1340.

ಈಗ ಮುಖ್ಯ ಪ್ರಶ್ನೆ: ಇದು ಎಷ್ಟು ತಪ್ಪಿರಬಹುದು? ಅನ್ನದ ಊಹೆ 70 ಆಚೀಚೆ, ಗ್ರೇವಿ ಮತ್ತು ಕರಿದದ್ದು ತಲಾ 40, ಸಿಹಿ 60, ಎಣ್ಣೆ 120 ಎಂದುಕೊಳ್ಳಿ. ಎಲ್ಲವೂ ಒಂದೇ ಕಡೆಗೆ ತಪ್ಪಿದರೆ ಮೊತ್ತ 1010 ಅಥವಾ 1670. ಆದರೆ ಅನ್ನವನ್ನು ಜಾಸ್ತಿ ಊಹಿಸಿದವರು ಸಿಹಿಯನ್ನು ಕಮ್ಮಿ ಊಹಿಸಿರಬಹುದು, ಒಂದರ ತಪ್ಪನ್ನು ಇನ್ನೊಂದು ತಿನ್ನುತ್ತದೆ. ತಪ್ಪುಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಒಟ್ಟು ತಪ್ಪು ಸುಮಾರು 160ರ ಆಸುಪಾಸು ನಿಲ್ಲುತ್ತದೆ. ಎಲ್ಲದರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಬರುವ ಅಂಕಿ ಇದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಎಣ್ಣೆಯದ್ದೇ.

ಎಣ್ಣೆಯನ್ನು ಬೇರೆ ಸಾಲು ಮಾಡುವುದು ಅದಕ್ಕೇ. ಎಲ್ಲ ಗ್ರೇವಿಗಳನ್ನೂ ಒಂದೇ ಅಡುಗೆಮನೆಯಲ್ಲಿ ಮಾಡಿರುತ್ತಾರೆ. ಅಲ್ಲಿ ಕೈ ಧಾರಾಳವಾಗಿದ್ದರೆ ಒಂದರಲ್ಲಲ್ಲ, ಎಲ್ಲದರಲ್ಲೂ ಎಣ್ಣೆ ಜಾಸ್ತಿ. ಹನ್ನೊಂದು ಸಾಲುಗಳಲ್ಲಿ ಅಡಗಿಸಿದರೆ ಆ ತಪ್ಪು ಒಂದೇ ದಿಕ್ಕಿನಲ್ಲಿ ಬೆಳೆಯುತ್ತಾ ಹೋಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಒಂದೇ ಸಾಲಿನಲ್ಲಿ ಇದ್ದರೆ ಮೂರನ್ನು ನಾಲ್ಕು ಮಾಡಿದರಾಯಿತು.

ಎರಡೋ ನಾಲ್ಕೋ ಅಂತ ತೀರ್ಮಾನಿಸಲು ನೋಡಬೇಕಾದದ್ದು ತಟ್ಟೆಯ ಅಂಚು. ಗ್ರೇವಿಯಿಂದ ಎಣ್ಣೆ ಬೇರ್ಪಟ್ಟು ಸುತ್ತ ಹರಿದಿದೆಯಾ? ಅನ್ನದ ಅಗುಳು ಹೊಳೆಯುತ್ತಿದೆಯಾ? ಊಟ ಮುಗಿದ ಮೇಲೆ ಖಾಲಿ ತಟ್ಟೆಯಲ್ಲಿ ಜಿಡ್ಡಿನ ಪದರ ಉಳಿದಿದೆಯಾ? ಮೂರಕ್ಕೂ ಹೌದು ಎಂದರೆ ನಾನು ನಾಲ್ಕು ಬರೆಯುತ್ತೇನೆ. ಪಾತ್ರೆಯ ಮೇಲ್ಭಾಗದಿಂದ ಬಡಿಸಿಕೊಂಡರೆ ತೇಲುವ ಎಣ್ಣೆ ಜಾಸ್ತಿ ಬರುತ್ತದೆ ಅನ್ನುವುದೂ ನೆನಪಿರಲಿ. ತಟ್ಟೆಯಲ್ಲೇ ಉಳಿದ ಎಣ್ಣೆ ಹೊಟ್ಟೆಗೆ ಹೋಗಿಲ್ಲ, ಅದನ್ನು ಕಳೆಯಬೇಕು.

ಅಲ್ಲೇ ನಿಂತು ಆ್ಯಪ್ ತೆರೆಯಬೇಕಿಲ್ಲ. ತಿನ್ನುವ ಮೊದಲು ಎರಡು ಫೋಟೊ ತೆಗೆದರೆ ಸಾಕು, ಒಂದು ಮೇಲಿಂದ, ಒಂದು ಓರೆಯಾಗಿ. ಮೇಲಿನ ಫೋಟೊದಲ್ಲಿ ರಾಶಿಯ ಎತ್ತರ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಚಮಚ ಇದ್ದರೆ ಅಳತೆಗೆ ಅನುಕೂಲ. ಎರಡನೇ ಸಲ ಹಾಕಿಸಿಕೊಂಡದ್ದನ್ನು ಫೋಟೊ ತೆಗೆಯಲು ಮರೆಯುವವರೇ ಹೆಚ್ಚು, ಅದು ಸಾಮಾನ್ಯವಾಗಿ ಸಿಹಿಯೇ ಆಗಿರುತ್ತದೆ ಬಿಡಿ.

ಆ್ಯಪ್‌ನ ಎರಡು ದೋಷ ಇಲ್ಲಿ ಕಾಡುತ್ತವೆ. ಪದಾರ್ಥ ಹುಡುಕದೆ ನೇರವಾಗಿ ಅಂಕಿ ಬರೆಯುವ Quick Add ಬಫೆಗೆ ಸುಲಭ ಅನಿಸುತ್ತದೆ. ಆದರೆ ನಾನು ಬಳಸುವ ಆ್ಯಪ್‌ನಲ್ಲಿ ಅದು ಕ್ಯಾಲೊರಿ ಮಾತ್ರ ತೆಗೆದುಕೊಳ್ಳುತ್ತದೆ, ಪ್ರೋಟೀನ್ ಮತ್ತು ಕೊಬ್ಬು ಸೊನ್ನೆ. ಆ ದಿನದ ಗ್ರಾಫ್ ಸುಳ್ಳು ಹೇಳುತ್ತದೆ. ಅದಕ್ಕೆ ನಾನು ಬೆಂದ ಅನ್ನ, ಅಡುಗೆ ಎಣ್ಣೆಯಂಥ ಮೂಲ ಪದಾರ್ಥಗಳನ್ನೇ ಹಾಕಿ, ಒಂದು ಊಟವಾಗಿ ಉಳಿಸಿಟ್ಟಿದ್ದೇನೆ. ಮುಂದಿನ ಮದುವೆಗೆ ಪ್ರಮಾಣ ಬದಲಿಸಿದರೆ ಸಾಕು. ಇನ್ನೊಂದು ದೋಷ ಅಳತೆಯ ಪಟ್ಟಿಯಲ್ಲಿದೆ. tsp ಮತ್ತು tbsp ಒಂದರ ಕೆಳಗೊಂದು ಇವೆ, ಬೆರಳು ಜಾರಿದರೆ ಎಣ್ಣೆ ಮೂರು ಪಟ್ಟು ಏರುತ್ತದೆ ಅಥವಾ ಮೂರನೇ ಒಂದಕ್ಕೆ ಇಳಿಯುತ್ತದೆ.

ಮರುದಿನ ತೂಕ ನೋಡಿ ಲೆಕ್ಕ ತಿದ್ದಬೇಡಿ. ಉಪ್ಪು ಮತ್ತು ಕಾರ್ಬ್ ಜಾಸ್ತಿ ತಿಂದಾಗ ದೇಹ ನೀರು ಹಿಡಿದಿಡುತ್ತದೆ, ಒಂದು ಕಿಲೋ ಏರಿದರೂ ಆಶ್ಚರ್ಯವಿಲ್ಲ. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. ನನ್ನ ಊಹೆ ಪೂರ್ತಿ 330 ತಪ್ಪಿದ್ದರೂ ಅದು 43 ಗ್ರಾಂ, ಆ ನೀರಿನ ನಡುವೆ ಕಾಣುವುದೇ ಇಲ್ಲ. ವಾರದ ಸರಾಸರಿಯಲ್ಲಿ ಅದೇ ತಪ್ಪು ದಿನಕ್ಕೆ 47 ಕ್ಯಾಲೊರಿ.

ಕಾರ್ಬ್ ಎಣಿಸಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ ಈ ದಾರಿ ಸಾಲದು. ಅವರಿಗೆ ಅನ್ನ, ಬ್ರೆಡ್, ಸಿಹಿಯ ಪ್ರಮಾಣವೇ ಮುಖ್ಯ, ವಾರದ ಸರಾಸರಿ ಕೆಲಸಕ್ಕೆ ಬರುವುದಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಒಂದು ಸಾಲಿಗೆ "240ರಿಂದ 480" ಅಂತ ಬರೆಯಲು ಬಿಟ್ಟರೆ ಇನ್ನರ್ಧ ಸೇರಿಸುತ್ತೇನೆ. ಸದ್ಯಕ್ಕೆ ಆ ಎರಡು ಅಂಕಿಗಳನ್ನು ಟಿಪ್ಪಣಿಯ ಜಾಗದಲ್ಲಿ ಬರೆದಿಡುತ್ತಿದ್ದೇನೆ.