ತಡೆಹಿಡಿದ ಗೆಲುವಿನ ಹಣ: ಚಾಟ್, ಉದ್ದನೆಯ ಮೇಲ್, ಒಂದು ಪುಟದ ದೂರು

ಶನಿವಾರ ರಾತ್ರಿ ಒಂದು ಆನ್‌ಲೈನ್ ಬೆಟ್ಟಿಂಗ್ ಕಂಪನಿಯಲ್ಲಿ ನನ್ನ ಬೆಟ್ ಗೆದ್ದಿತು. ಆಡ್ಸ್ 6.50, ಅಂದರೆ ಕಟ್ಟಿದ್ದರ ಆರೂವರೆ ಪಟ್ಟು ಹಣ. ಭಾನುವಾರ ಬೆಳಿಗ್ಗೆ ವಿತ್‌ಡ್ರಾ ಒತ್ತಿದೆ. ಮಂಗಳವಾರ ಮೇಲ್ ಬಂತು: ಖಾತೆ ಪರಿಶೀಲನೆಯಲ್ಲಿದೆ, ಗುರುತಿನ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ. ಅದೇ ದಿನ ಎರಡನ್ನೂ ಕಳಿಸಿದೆ. ಆಮೇಲೆ ಏನೂ ಸುದ್ದಿ ಇಲ್ಲ. ಹಣ ಕೇಳಲು ನಾನು ಮೂರು ದಾರಿ ಹಿಡಿದೆ. ಮೂರರ ಫಲವೂ ಬೇರೆ ಬೇರೆ.

ಮೊದಲು ಲೈವ್ ಚಾಟ್. ಎರಡು ನಿಮಿಷಕ್ಕೆಲ್ಲ ಯಾರೋ ಸಿಗುತ್ತಾರೆ, ಮರ್ಯಾದೆಯಿಂದಲೇ ಮಾತಾಡುತ್ತಾರೆ. ಆದರೆ ಪರಿಶೀಲನೆ ಮಾಡುವ ತಂಡವೇ ಬೇರೆ, ಚಾಟ್‌ನಲ್ಲಿ ಕೂತವರಿಗೆ ಹಣ ಬಿಡುವ ಅಧಿಕಾರ ಇಲ್ಲ. ಮೂರು ಸಲ ಕೇಳಿದೆ, ಮೂರು ಸಲವೂ ‘ಸಂಬಂಧಪಟ್ಟ ತಂಡಕ್ಕೆ ತಿಳಿಸಿದ್ದೇವೆ’ ಎಂದರು. ಚಾಟ್‌ನಿಂದ ಸಿಕ್ಕ ಲಾಭ ಒಂದೇ, ಟಿಕೆಟ್ ನಂಬರ್. ಅದನ್ನೂ ಕೇಳಿ ಪಡೆಯಬೇಕಾಯಿತು. ಕಿಟಕಿ ಮುಚ್ಚಿದರೆ ಮಾತುಕತೆ ಕಾಣೆಯಾಗುತ್ತದೆ, ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಹತ್ತನೇ ದಿನ ಸಿಟ್ಟು ತಡೆಯಲಾಗದೆ ಉದ್ದನೆಯ ಮೇಲ್ ಬರೆದೆ. ಎಷ್ಟು ವರ್ಷದಿಂದ ಆಡುತ್ತಿದ್ದೇನೆ, ಸೋತಾಗ ಒಂದು ದಿನವೂ ಪರಿಶೀಲನೆ ಮಾಡದವರು ಗೆದ್ದಾಗ ಮಾತ್ರ ಯಾಕೆ ಮಾಡುತ್ತೀರಿ, ಎಲ್ಲ ಕಡೆ ಬರೆಯುತ್ತೇನೆ, ಹೀಗೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬೆಟ್ ಐಡಿ ಇರಲಿಲ್ಲ, ದಿನಾಂಕ ಇರಲಿಲ್ಲ, ಉತ್ತರಿಸಲೇಬೇಕಾದ ಪ್ರಶ್ನೆಯೂ ಇರಲಿಲ್ಲ. ಬಂದ ಉತ್ತರ ಎರಡೇ ಸಾಲು: ಪರಿಶೀಲನೆ ನಡೆಯುತ್ತಿದೆ, ಸಹಕರಿಸಿ. ಇದು ಚಾಟ್‌ಗಿಂತಲೂ ಕಡೆ. ಚಾಟ್‌ನಲ್ಲಿ ನಂಬರಾದರೂ ಸಿಕ್ಕಿತ್ತು ಅಲ್ವಾ?

ಹದಿನೈದನೇ ದಿನ ಕೂತು ಒಂದು ಪುಟದ ದೂರು ಬರೆದೆ. ಮೊದಲು ಅವರ ನಿಯಮಗಳ ಪುಟ ತೆರೆದು, ದೂರು ಕಳಿಸುವ ವಿಳಾಸ ಹುಡುಕಿದೆ. ಅದು ಸಪೋರ್ಟ್ ವಿಳಾಸಕ್ಕಿಂತ ಬೇರೆಯೇ ಇತ್ತು. ನಿಯಮಗಳ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಂಡೆ, ನಾಳೆ ಅದು ಬದಲಾಗಬಹುದು. ಬೆಟ್ ಹಿಸ್ಟರಿಯನ್ನೂ ಉಳಿಸಿಕೊಂಡೆ, ಖಾತೆ ಲಾಕ್ ಆದರೆ ಆಮೇಲೆ ಅದು ಕಾಣುವುದಿಲ್ಲ. ವಿಷಯದ ಸಾಲಿನಲ್ಲಿ ‘ಅಧಿಕೃತ ದೂರು’ ಎಂದು ಬರೆದು, ಬೆಟ್ ಐಡಿ, ಟಿಕೆಟ್ ನಂಬರ್ ಹಾಕಿದೆ. ಒಳಗೆ ಬೆಟ್ ಇತ್ಯರ್ಥವಾದ ಹೊತ್ತು, ವಿತ್‌ಡ್ರಾ ಕೇಳಿದ ದಿನ, ದಾಖಲೆ ಕಳಿಸಿದ ದಿನ. ಅದಾದ ಮೇಲೆ ಇಷ್ಟೇ:

‘ಈ ಬೆಟ್ ಗೆದ್ದಿದೆ ಎಂದು ನೀವೇ ಖಾತೆಯಲ್ಲಿ ತೋರಿಸಿದ್ದೀರಿ. ಬೆಟ್ ಹಾಕಿದ ದಿನ ಜಾರಿಯಲ್ಲಿದ್ದ ನಿಯಮಗಳಲ್ಲಿ ಯಾವ ಕಲಮಿನ ಪ್ರಕಾರ ಹಣ ತಡೆದಿದ್ದೀರಿ? ನಾನು ಕಳಿಸಿದ ಎರಡು ದಾಖಲೆಗಳಲ್ಲಿ ಯಾವುದು ಒಪ್ಪಿಗೆಯಾಗಿಲ್ಲ, ಯಾಕೆ? 14 ದಿನಗಳೊಳಗೆ ಹಣ ಬಿಡಿ, ಇಲ್ಲವೇ ನಿಮ್ಮ ಅಂತಿಮ ತೀರ್ಮಾನವನ್ನು ಬರಹದಲ್ಲಿ ಕೊಡಿ.’

ನಾಲ್ಕನೇ ದಿನ ನಿಜವಾದ ಉತ್ತರ ಬಂತು. ಖಾತೆಯಲ್ಲಿ ನನ್ನ ಹೆಸರು ಇನಿಷಿಯಲ್ ಜೊತೆ ಇತ್ತು, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪೂರ್ತಿ ಬಿಡಿಸಿ ಬರೆದಿತ್ತು. ಎರಡೂ ಒಬ್ಬರದೇ ಎಂದು ಖಾತ್ರಿಯಾಗದೆ ಕಡತ ಅಲ್ಲೇ ನಿಂತಿತ್ತು. ಎರಡೂ ರೂಪದ ಹೆಸರಿರುವ ಬ್ಯಾಂಕ್ ಪತ್ರ ಕಳಿಸಿದೆ, ಮೂರು ದಿನಕ್ಕೆ ಹಣ ಬಂತು. ಇಷ್ಟನ್ನು ಮೊದಲೇ ಹೇಳಬಹುದಿತ್ತು ಎಂಬ ಬೇಸರ ನನಗೆ ಈಗಲೂ ಇದೆ.

ಮೂರರಲ್ಲಿ ನನ್ನ ಆಯ್ಕೆ ಇದೇ. ಹಣ ಬಿಡಿ ಎನ್ನುವ ಸಾಲಿಗಿಂತ ‘ಯಾವ ಕಲಮು, ಯಾವ ದಾಖಲೆ’ ಎಂಬ ಪ್ರಶ್ನೆಯೇ ಕೆಲಸ ಮಾಡಿತು. ಅದಕ್ಕೆ ಸಿದ್ಧ ಉತ್ತರ ಅಂಟಿಸಲು ಆಗುವುದಿಲ್ಲ, ಯಾರಾದರೂ ಕಡತ ತೆರೆದು ನೋಡಲೇಬೇಕು. ಅಂತಿಮ ತೀರ್ಮಾನ ಕೇಳಿದ್ದಕ್ಕೂ ಕಾರಣವಿದೆ. ಲೈಸೆನ್ಸ್ ಇರುವ ಕಂಪನಿಯ ವಿರುದ್ಧ ಹೊರಗಿನ ಇತ್ಯರ್ಥ ಸಂಸ್ಥೆಗೆ ಹೋಗುವಾಗ ಆ ಪತ್ರವೇ ಬೇಕಾಗುತ್ತದೆ. ಬ್ರಿಟನ್‌ನಲ್ಲಿ ಎಂಟು ವಾರ ಕಳೆದರೂ ದೂರು ಬಗೆಹರಿಯದಿದ್ದರೆ ಆ ಪತ್ರ ಇಲ್ಲದೆಯೂ ಹೋಗಬಹುದು.

ಆದರೆ ಈ ಪತ್ರ ಎಲ್ಲದಕ್ಕೂ ಆಗದು. ಒಬ್ಬರೇ ಎರಡು ಖಾತೆ ತೆರೆದಿದ್ದರೆ, ಬೇರೆಯವರ ಕಾರ್ಡಿನಿಂದ ಹಣ ಹಾಕಿದ್ದರೆ, ಕಂಪನಿ ಕಲಮು ತೋರಿಸಿಯೇ ಬಿಡುತ್ತದೆ. ಆಗ ಗೆಲುವಿನ ಹಣದ ಮಾತು ಬೇರೆ, ಕಟ್ಟಿದ ಹಣದ ಮಾತು ಬೇರೆ. ಕಟ್ಟಿದ್ದನ್ನು ವಾಪಸ್ ಕೊಡುತ್ತೀರಾ ಎಂದು ಪ್ರತ್ಯೇಕವಾಗಿ ಕೇಳಬೇಕು. ಇನ್ನು ‘ಹಣ ಬಿಡಿಸಲು ಮೊದಲು ತೆರಿಗೆ ಕಟ್ಟಿ’, ‘ಪರಿಶೀಲನೆ ಶುಲ್ಕ ಹಾಕಿ’ ಎಂದು ಮೇಲ್ ಬಂದರೆ ಅದು ಪರಿಶೀಲನೆಯೇ ಅಲ್ಲ, ಮೋಸ. ಅಲ್ಲಿಗೆ ದೂರು ಬರೆಯುತ್ತಾ ಕೂರದೆ, ಇನ್ನೊಂದು ಪೈಸೆಯೂ ಹಾಕದೆ, ನೇರವಾಗಿ ಬ್ಯಾಂಕಿಗೆ ಮತ್ತು ಪೊಲೀಸರಿಗೆ ತಿಳಿಸಬೇಕು.